ಹೊರದೇಶದ ಸಹೋದ್ಯೋಗಿಗೆ ಇಮೇಲ್ ಬರೆಯುವಾಗ ಲಕ್ಷ, ಕೋಟಿಯನ್ನು ಮಿಲಿಯನ್ ಮಾಡುವ ಕ್ರಮ

ಸುಂಟಿಕೊಪ್ಪದ ಹತ್ತಿರದ ಒಂದು ಎಸ್ಟೇಟ್ ಆಫೀಸಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಕಾಫಿ ವ್ಯವಹಾರವಾದ್ದರಿಂದ ವಾರಕ್ಕೆ ನಾಲ್ಕೈದು ಮೇಲ್ ಜರ್ಮನಿ, ಇಟಲಿ ಕಡೆ ಹೋಗುತ್ತವೆ. ಅದು ತಿಳಿದವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಹೊಸದಾಗಿ ಸೇರಿದವರೂ, ವಿರಾಜಪೇಟೆಯ ಮನೆಯಲ್ಲೇ ಕೂತು ಹೊರದೇಶದ ಕಂಪನಿಗೆ ಕೆಲಸ ಮಾಡುವವರೂ ಅದನ್ನೇ ಕೇಳುತ್ತಾರೆ: ‘1.36 ಕೋಟಿ ಅಂದರೆ ಎಷ್ಟು ಮಿಲಿಯನ್? ಕಾಮಾ ಎಲ್ಲಿ ಹಾಕಬೇಕು? ಸುಮ್ಮನೆ ಕ್ರೋರ್ ಅಂತ ಬರೆದರೆ ಅವರಿಗೆ ಅರ್ಥ ಆಗಲ್ವಾ?’

ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಭಾರತದ ಜೊತೆ ವರ್ಷಗಟ್ಟಲೆ ವ್ಯವಹಾರ ಮಾಡಿದವರಿಗೆ ಅರ್ಥವಾಗಬಹುದು, ಉಳಿದವರಿಗೆ ಆಗುವುದಿಲ್ಲ. ಅರ್ಥವಾಗದವರು ವಾಪಸ್ ಕೇಳಿದರೆ ತೊಂದರೆಯಿಲ್ಲ. ಕೇಳದೆ ತಾವೇ ಒಂದು ಅಂದಾಜು ಮಾಡಿಕೊಂಡು ಮುಂದಕ್ಕೆ ಕಳಿಸುತ್ತಾರೆ, ತೊಂದರೆ ಬರುವುದು ಅಲ್ಲಿ.

ವಿವರಿಸಲು ಅನುಕೂಲವಾಗಲಿ ಎಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ತೋಟದಲ್ಲಿ ಹೊಸ ಪಲ್ಪರ್ ಕೂರಿಸಬೇಕು, ಕಾಫಿ ಒಣಗಿಸುವ ಕಣಕ್ಕೆ ಕಾಂಕ್ರೀಟ್ ಹಾಕಿಸಬೇಕು. ಹಣ ಮಂಜೂರು ಮಾಡುವ ಸಹೋದ್ಯೋಗಿ ಹ್ಯಾಂಬರ್ಗ್‌ನಲ್ಲಿದ್ದಾರೆ. ನಮ್ಮ ರೈಟರ್ ಕೊಟ್ಟ ಚೀಟಿ ಹೀಗಿದೆ: ಪಲ್ಪರ್ ಮತ್ತು ವಾಷರ್ 86.5 ಲಕ್ಷ, ಕಣ 31 ಲಕ್ಷ, ಕರೆಂಟ್ ಕೆಲಸ 13.9 ಲಕ್ಷ, ಗೋಡೌನ್ ರಿಪೇರಿ ಮತ್ತು ತೇವಾಂಶ ಅಳೆಯುವ ಮೀಟರುಗಳು 4.6 ಲಕ್ಷ. ಒಟ್ಟು 1 ಕೋಟಿ 36 ಲಕ್ಷ. ಅಂಕಿಗಳು ಈ ಲೇಖನಕ್ಕಾಗಿ ಮಾಡಿಕೊಂಡವು, ಆದರೆ ಮುಂದೆ ಹೇಳುವ ತಪ್ಪುಗಳೆಲ್ಲ ನಿಜವಾಗಿ ಆಗುವಂಥವು.

1. ಮೊದಲು ಮೊತ್ತವನ್ನು ಪೂರ್ತಿ ಅಂಕಿಯಲ್ಲಿ ಬಿಡಿಸಿ ಬರೆಯಿರಿ

ಮೇಲ್ ತೆರೆಯುವುದಕ್ಕೂ ಮೊದಲು ಒಂದು ಕಾಗದದ ಮೇಲೆ ಮೊತ್ತವನ್ನು ಕಾಮಾ ಇಲ್ಲದೆ, ಪಾಯಿಂಟ್ ಇಲ್ಲದೆ, ಸೊನ್ನೆ ಸಮೇತ ಬರೆಯಿರಿ. ಲಕ್ಷದಲ್ಲಿ ಐದು ಸೊನ್ನೆ, ಮಿಲಿಯನ್‌ನಲ್ಲಿ ಆರು, ಕೋಟಿಯಲ್ಲಿ ಏಳು. ಈ ಐದು, ಆರು, ಏಳು ನೆನಪಿದ್ದರೆ ಬೇರೆ ಕೋಷ್ಟಕ ಬೇಕಿಲ್ಲ. ನಮ್ಮ ಮೊತ್ತ 13600000.

ಇದು ಚಿಕ್ಕ ಮಕ್ಕಳ ಕೆಲಸದ ಹಾಗೆ ಕಾಣುತ್ತದೆ ಎಂದು ಬಿಡಬೇಡಿ. ನಾನು ನೋಡಿದ ದೊಡ್ಡ ತಪ್ಪುಗಳು ಮಿಲಿಯನ್‌ಗೆ ಬದಲಿಸುವಾಗ ಆಗಿಲ್ಲ. ಅದಕ್ಕೂ ಒಂದು ಹೆಜ್ಜೆ ಹಿಂದೆ, ಬಾಯಿಮಾತಿನ ಮೊತ್ತವನ್ನು ಪಾಯಿಂಟ್ ಹಾಕಿ ಬರೆಯುವಾಗ ಆಗಿವೆ. ‘ಒಂದು ಕೋಟಿ ಐದು ಲಕ್ಷ’ ಎನ್ನುವುದನ್ನು ಬರೆಯುವಾಗ ಕೈ ತಾನಾಗಿ 1.5 ಕೋಟಿ ಎಂದು ಬರೆದುಬಿಡುತ್ತದೆ. ಅದು ಒಂದೂವರೆ ಕೋಟಿ. ಒಂದು ಕೋಟಿಗೆ ನೂರು ಲಕ್ಷ, ಹಾಗಾಗಿ ಕೋಟಿಯ ಪಾಯಿಂಟ್ ಆದ ಮೇಲೆ ಲಕ್ಷಕ್ಕೆ ಎರಡು ಸ್ಥಾನ ಬೇಕೇ ಬೇಕು: ಒಂದು ಕೋಟಿ ಐದು ಲಕ್ಷ ಎಂದರೆ 1.05 ಕೋಟಿ. ಲಕ್ಷದ ಕಥೆಯೂ ಅದೇ. ಒಂದು ಲಕ್ಷಕ್ಕೆ ನೂರು ಸಾವಿರ, ಆದ್ದರಿಂದ ಹನ್ನೆರಡು ಲಕ್ಷ ಐದು ಸಾವಿರ ಎಂದರೆ 12.05 ಲಕ್ಷ, 12.5 ಅಲ್ಲ.

ಈ ತಪ್ಪನ್ನು ನಾನೇ ಒಂದು ಸಲ ಮಾಡಿದ್ದೇನೆ. 1 ಕೋಟಿ 5 ಲಕ್ಷದ ಬೇಡಿಕೆಯನ್ನು 15 ಮಿಲಿಯನ್ ಎಂದು ಕಳಿಸಿದೆ, ಇರಬೇಕಾದದ್ದು 10.5 ಮಿಲಿಯನ್. ನಲವತ್ತೈದು ಲಕ್ಷ ಹೆಚ್ಚಾಗಿ ಹೋಗಿತ್ತು. ಹತ್ತು ಪಟ್ಟು ತಪ್ಪಾಗಿದ್ದರೆ ಯಾರಾದರೂ ಕಣ್ಣುಜ್ಜಿ ನೋಡುತ್ತಿದ್ದರು. ಒಂದೂವರೆ ಪಟ್ಟಿಗಿಂತ ಕಡಿಮೆ ತಪ್ಪಾದ್ದರಿಂದ ಎರಡು ವಾರ ಯಾರ ಕಣ್ಣಿಗೂ ಬೀಳಲಿಲ್ಲ. ಅಂದಿನಿಂದ ಸೊನ್ನೆ ಸಮೇತ ಬಿಡಿಸಿ ಬರೆಯದೆ ಯಾವ ಮೊತ್ತವನ್ನೂ ನಾನು ಬದಲಿಸುವುದಿಲ್ಲ.

2. ಬಲಗಡೆಯಿಂದ ಮೂರು ಮೂರು ಅಂಕಿಗೆ ಕಾಮಾ ಹಾಕಿ

ನಮ್ಮ ಪದ್ಧತಿಯಲ್ಲಿ ಬಲಗಡೆಯ ಮೊದಲ ಮೂರು ಅಂಕಿಗೆ ಒಂದು ಕಾಮಾ, ಆಮೇಲೆ ಎರಡೆರಡು ಅಂಕಿಗೆ: 1,36,00,000. ಅವರದ್ದು ಎಲ್ಲ ಕಡೆ ಮೂರು ಮೂರು: 13,600,000. ಅಂಕಿಗಳು ಅವೇ, ಕಾಮಾ ಮಾತ್ರ ಜಾಗ ಬದಲಿಸಿದೆ.

ನಮ್ಮ ಕಾಮಾ ಇಟ್ಟೇ ಕಳಿಸಿದರೆ ಓದುವವರಿಗೆ ಅದು ಬೆರಳಚ್ಚಿನ ತಪ್ಪಿನ ಹಾಗೆ ಕಾಣುತ್ತದೆ. 1,36,00,000 ನೋಡಿದಾಗ ‘ಎಲ್ಲೋ ಎರಡು ಸೊನ್ನೆ ಬಿಟ್ಟುಹೋಗಿವೆ’ ಎಂದುಕೊಂಡು, ಖಾಲಿ ಎನಿಸಿದ ಜಾಗಗಳನ್ನು ಮನಸ್ಸಿನಲ್ಲೇ ತುಂಬಿಕೊಂಡು ಓದುತ್ತಾರೆ. ಒಂದೇ ಮೇಲ್‌ನಲ್ಲಿ ಎರಡೂ ಬಗೆಯ ಕಾಮಾ ಇದ್ದರಂತೂ ಯಾವುದನ್ನು ನಂಬಬೇಕು ಎಂಬುದೇ ತಿಳಿಯುವುದಿಲ್ಲ. ಹೊರಗೆ ಹೋಗುವ ಮೇಲ್‌ನಲ್ಲಿ ಮೊದಲಿಂದ ಕೊನೆವರೆಗೂ ಒಂದೇ ಪದ್ಧತಿ ಇರಲಿ.

3. ಮಿಲಿಯನ್‌ಗೆ ಬದಲಿಸಿ, ಪಾಯಿಂಟ್ ಯಾವ ಕಡೆ ಹೋಗುತ್ತದೆ ನೋಡಿಕೊಳ್ಳಿ

ಲಕ್ಷಕ್ಕೂ ಮಿಲಿಯನ್‌ಗೂ ಒಂದೇ ಸೊನ್ನೆಯ ಅಂತರ. ಮಿಲಿಯನ್‌ಗೂ ಕೋಟಿಗೂ ಒಂದೇ ಸೊನ್ನೆಯ ಅಂತರ. ಅಂದರೆ ಎರಡೂ ಕಡೆಯಿಂದ ಪಾಯಿಂಟ್ ಒಂದೇ ಸ್ಥಾನ ಸರಿಯುತ್ತದೆ, ಆದರೆ ಬೇರೆ ಬೇರೆ ದಿಕ್ಕಿಗೆ. ಗಡಿಬಿಡಿ ಆಗುವುದು ಇದೇ ಜಾಗದಲ್ಲಿ.

ಒಂದೇ ಅಕ್ಕಿಯನ್ನು ಸೇರಿನಲ್ಲಿ ಅಳೆದರೆ ಎಣಿಕೆ ಹೆಚ್ಚು ಬರುತ್ತದೆ, ಕೊಳಗದಲ್ಲಿ ಅಳೆದರೆ ಕಡಿಮೆ. ಇಲ್ಲೂ ಹಾಗೆಯೇ. ಲಕ್ಷಕ್ಕಿಂತ ಮಿಲಿಯನ್ ದೊಡ್ಡ ಅಳತೆ, ಆದ್ದರಿಂದ ಸಂಖ್ಯೆ ಚಿಕ್ಕದಾಗಬೇಕು: 31 ಲಕ್ಷ ಎಂದರೆ 3.1 ಮಿಲಿಯನ್. ಕೋಟಿಗಿಂತ ಮಿಲಿಯನ್ ಚಿಕ್ಕ ಅಳತೆ, ಆದ್ದರಿಂದ ಸಂಖ್ಯೆ ದೊಡ್ಡದಾಗಬೇಕು: 1.36 ಕೋಟಿ ಎಂದರೆ 13.6 ಮಿಲಿಯನ್. ಬದಲಿಸಿದ ಮೇಲೆ ಈ ಒಂದು ಪ್ರಶ್ನೆ ಹಾಕಿಕೊಳ್ಳಿ: ದೊಡ್ಡದಾಗಬೇಕಾದ ಸಂಖ್ಯೆ ದೊಡ್ಡದಾಗಿದೆಯೇ, ಚಿಕ್ಕದಾಗಬೇಕಾದದ್ದು ಚಿಕ್ಕದಾಗಿದೆಯೇ? ದಿಕ್ಕು ತಪ್ಪಿದರೆ ಉತ್ತರ ನೂರು ಪಟ್ಟು ತಪ್ಪಾಗುತ್ತದೆ. 31 ಲಕ್ಷ 310 ಮಿಲಿಯನ್ ಆಗಿಬಿಡುತ್ತದೆ.

ಒಂದು ಮಿಲಿಯನ್‌ಗಿಂತ ಕಡಿಮೆ ಇರುವ ಮೊತ್ತವನ್ನು, ಅಂದರೆ ಹತ್ತು ಲಕ್ಷದ ಒಳಗಿನದನ್ನು, ವಾಕ್ಯದೊಳಗೆ ಬರೆಯುವಾಗ ಮಿಲಿಯನ್ ಮಾಡಲೇಬೇಡಿ. 4.6 ಲಕ್ಷವನ್ನು 0.46 ಮಿಲಿಯನ್ ಎನ್ನುವುದಕ್ಕಿಂತ 460,000 ಎಂದು ಬರೆದರೆ ಯಾರಿಗಾದರೂ ತಿಳಿಯುತ್ತದೆ. ಎಲ್ಲ ಸಾಲೂ ಮಿಲಿಯನ್‌ನಲ್ಲೇ ಇರುವ ಪಟ್ಟಿಯಲ್ಲಿ ಮಾತ್ರ 0.46 ಇರಲಿ, ಅಲ್ಲಿ ಹೋಲಿಸುವುದಕ್ಕೆ ಅದೇ ಸುಲಭ.

ನೂರು ಕೋಟಿ ದಾಟಿದರೆ ಬಿಲಿಯನ್ ಬರುತ್ತದೆ. ಇಂಗ್ಲಿಷಿನಲ್ಲಿ ಇಂದು ಬಿಲಿಯನ್ ಎಂದರೆ ನೂರು ಕೋಟಿ. ಜರ್ಮನ್ ಭಾಷೆಯಲ್ಲಿ ಅದೇ ಉಚ್ಚಾರದ ಹತ್ತಿರದ ಪದಕ್ಕೆ ಒಂದು ಲಕ್ಷ ಕೋಟಿ ಎಂಬ ಅರ್ಥ. ನೂರು ಕೋಟಿಗೆ ಅವರು ಮಿಲಿಯಾರ್ಡೆ ಎನ್ನುತ್ತಾರೆ. ತೋಟದ ಲೆಕ್ಕದಲ್ಲಿ ಇದು ಅಪರೂಪ. ಬಂದರೆ 1000 ಮಿಲಿಯನ್ ಎಂದೇ ಬರೆಯಿರಿ.

4. ಪಾಯಿಂಟ್ ಆದ ಮೇಲೆ ಮೂರು ಅಂಕಿ ಬಿಡಬೇಡಿ

ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜರ್ಮನಿ, ಇಟಲಿಗಳಲ್ಲಿ ಕಾಮಾ ಮತ್ತು ಪಾಯಿಂಟಿನ ಕೆಲಸ ಅದಲುಬದಲು. ಸಾವಿರವನ್ನು ಬೇರೆ ಮಾಡಲು ಅವರು ಚುಕ್ಕೆ ಬಳಸುತ್ತಾರೆ, ದಶಮಾಂಶಕ್ಕೆ ಕಾಮಾ. ನಮ್ಮ 13,600,000.50 ಅವರ ಕೈಯಲ್ಲಿ 13.600.000,50 ಆಗುತ್ತದೆ.

ಈಗ ನೀವು ಕಣದ ವೆಚ್ಚವನ್ನು ನಿಖರವಾಗಿರಲಿ ಎಂದು 3.100 ಮಿಲಿಯನ್ ಎಂದು ಬರೆದಿರಿ ಎನ್ನಿ. ಹ್ಯಾಂಬರ್ಗ್‌ನವರ ಕಣ್ಣಿಗೆ ಅದು ಮೂರು ಸಾವಿರದ ಒಂದು ನೂರು ಮಿಲಿಯನ್. 3.1 ಅಥವಾ 3.10 ಎಂದು ಬರೆದಿದ್ದರೆ ಈ ಗೊಂದಲಕ್ಕೆ ಎಡೆಯೇ ಇರುತ್ತಿರಲಿಲ್ಲ, ಏಕೆಂದರೆ ಸಾವಿರದ ಚುಕ್ಕೆ ಆದ ಮೇಲೆ ಯಾವಾಗಲೂ ಮೂರು ಅಂಕಿ ಇರಲೇಬೇಕು. ಆದ್ದರಿಂದ ಪಾಯಿಂಟ್ ಆದ ಮೇಲೆ ಒಂದು ಅಥವಾ ಎರಡು ಅಂಕಿ. ಮೂರನೆಯ ಅಂಕಿ ನಿಜವಾಗಿಯೂ ಬೇಕೆಂದರೆ ಮಿಲಿಯನ್ ಬಿಟ್ಟು ಪೂರ್ತಿ ಅಂಕಿ ಬರೆಯಿರಿ. 12 ಲಕ್ಷ 5 ಸಾವಿರವನ್ನು 1.205 ಮಿಲಿಯನ್ ಎನ್ನದೆ 1,205,000 ಎನ್ನಿ.

ಅವರಿಂದ ಬರುವ ಮೇಲ್ ಓದುವಾಗಲೂ ಇದೇ ಎಚ್ಚರ ಇರಲಿ. ಒಂದೇ ಒಂದು ಚುಕ್ಕೆ, ಅದಾದ ಮೇಲೆ ಸರಿಯಾಗಿ ಮೂರು ಅಂಕಿ ಕಂಡರೆ, ಉದಾಹರಣೆಗೆ 1.250 ಯೂರೋ, ಅದು ಒಂದೂಕಾಲು ಯೂರೋ ಅಲ್ಲ, ಸಾವಿರದ ಇನ್ನೂರೈವತ್ತು ಇರಬಹುದು. ಊಹೆ ಬೇಡ, ಒಂದು ಸಾಲು ಬರೆದು ಕೇಳಿಬಿಡಿ.

5. ರೂಪಾಯಿ ಯಾವ ದೇಶದ್ದು ಎಂದು ಹೇಳಿ, ಸಂಕ್ಷೇಪಗಳನ್ನು ಬಿಡಿ

ನಾವು ಬರೆಯುವ `Rs` ಭಾರತದ್ದು ಮಾತ್ರವಲ್ಲ. ಪಾಕಿಸ್ತಾನ, ನೇಪಾಳ, ಶ್ರೀಲಂಕಾ, ಮಾರಿಷಸ್‌ಗಳಲ್ಲೂ ನಾಣ್ಯದ ಹೆಸರು ರೂಪಾಯಿಯೇ. ಹಲವು ದೇಶಗಳ ತೋಟಗಳ ಲೆಕ್ಕ ಒಂದೇ ಮೇಜಿನ ಮೇಲೆ ನೋಡುವವರಿಗೆ ಅದು ಸಾಲದು. 2010ರಲ್ಲಿ ಬಂದ ₹ ಚಿಹ್ನೆ ನಮಗೆ ಚೆನ್ನಾಗಿಯೇ ಇದೆ, ಆದರೆ ಹಳೆಯ ಸಾಫ್ಟ್‌ವೇರ್ ಇರುವ ಕಡೆ ಅದು ಖಾಲಿ ಚೌಕವಾಗಿ ಕಾಣಬಹುದು. ಬ್ಯಾಂಕುಗಳು ಬಳಸುವ ಮೂರಕ್ಷರದ ಸಂಕೇತ `INR` ಎಲ್ಲ ಕಡೆ ನಡೆಯುತ್ತದೆ. ಅದನ್ನು ಮೊತ್ತಕ್ಕಿಂತ ಮೊದಲು ಬರೆಯಿರಿ.

ಕೋಟಿಗೆ `Cr` ಎಂದು ಬರೆಯುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ. ಲೆಕ್ಕಪತ್ರದ ಭಾಷೆಯಲ್ಲಿ ಅದೇ ಎರಡಕ್ಷರಕ್ಕೆ ಜಮಾ ಎಂಬ ಅರ್ಥ. ‘1.36 Cr’ ಕಂಡ ವಿದೇಶಿ ಅಕೌಂಟೆಂಟ್ ಅದನ್ನು ಒಂದು ರೂಪಾಯಿ ಮೂವತ್ತಾರು ಪೈಸೆ ಜಮಾ ಎಂದು ಓದಿದರೆ ಅವರ ತಪ್ಪಲ್ಲ. ಮಿಲಿಯನ್‌ಗೆ ಬರೆಯುವ `M` ಕೂಡ ಪೂರ್ತಿ ಸುರಕ್ಷಿತವಲ್ಲ. ರೋಮನ್ ಅಂಕಿಯ ರೂಢಿಯಿಂದ ಕೆಲವು ಹಣಕಾಸು ವಿಭಾಗಗಳಲ್ಲಿ `M` ಎಂದರೆ ಸಾವಿರ, `MM` ಎಂದರೆ ಮಿಲಿಯನ್. `million` ಎಂದು ಏಳು ಅಕ್ಷರ ಬರೆಯಲು ಎಷ್ಟು ಹೊತ್ತು ಬೇಕು? ಪೂರ್ತಿ ಬರೆಯಿರಿ.

ಒಟ್ಟು ಮೊತ್ತದ ಸಾಲು ಹೀಗಿರಲಿ:

```
Total: INR 13,600,000 (13.6 million Indian rupees)
Approx. USD 160,000 at 85 INR per USD, rate as of [date]
```

ಮೊದಲ ಸಾಲಿನಲ್ಲಿ ಪೂರ್ತಿ ಅಂಕಿಯೂ ಇದೆ, ಪದದಲ್ಲೂ ಇದೆ. ಒಂದರಲ್ಲಿ ಸೊನ್ನೆ ತಪ್ಪಿದರೆ ಇನ್ನೊಂದು ತಕ್ಷಣ ಹಿಡಿದುಕೊಡುತ್ತದೆ. ಚೆಕ್‌ನಲ್ಲಿ ಎರಡು ಸಲ ಬರೆಸುವುದೂ ಇದಕ್ಕೇ. ಎರಡನೆಯ ಸಾಲು ಓದುವವರಿಗೆ ಅಂದಾಜು ಸಿಗಲಿ ಎಂದು ಮಾತ್ರ. 85 ಎಂಬುದು ನಾನು ಲೆಕ್ಕಕ್ಕೆ ಇಟ್ಟುಕೊಂಡ ದರ, ನೀವು ಆ ದಿನದ್ದನ್ನು ಹಾಕಿ. ದರ ಮತ್ತು ತಾರೀಕು ಇಲ್ಲದೆ ಡಾಲರ್ ಬರೆದರೆ, ಮೂರು ತಿಂಗಳ ಮೇಲೆ ‘160,000 ಅಂದಿದ್ದಿರಲ್ಲ’ ಎಂಬ ಮಾತು ಬರುತ್ತದೆ. ತಾರೀಕಿನಲ್ಲಿ ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ, 03/04 ಎನ್ನುವುದನ್ನು ಅಮೆರಿಕದವರು ಮಾರ್ಚ್ 4 ಎಂದು ಓದುತ್ತಾರೆ.

6. ಎಕ್ಸೆಲ್‌ನಿಂದ ಅಂಟಿಸುವಾಗ ಕಾಮಾ ನೋಡಿ

ಎಕ್ಸೆಲ್ ಹಾಳೆಯೊಳಗೆ ಕೂತಿರುವ ಸಂಖ್ಯೆಗೆ ಕಾಮಾ ಇರುವುದಿಲ್ಲ. ಕಾಣುವ ಕಾಮಾ ಆಯಾ ಕಂಪ್ಯೂಟರಿನ ಸೆಟ್ಟಿಂಗ್ ಹಾಕಿದ್ದು. ಆದ್ದರಿಂದ ಫೈಲನ್ನೇ ಕಳಿಸಿದರೆ ನಿಮ್ಮ ಪರದೆಯಲ್ಲಿ 1,36,00,000 ಎಂದು ಕಂಡದ್ದು ಅವರ ಪರದೆಯಲ್ಲಿ ಅವರ ರೀತಿಯಲ್ಲೇ ಕಾಣುತ್ತದೆ. ಅದೇ ಸಾಲುಗಳನ್ನು ಕಾಪಿ ಮಾಡಿ ಮೇಲ್‌ಗೆ ಅಂಟಿಸಿದರೆ, ಅಥವಾ ಸ್ಕ್ರೀನ್‌ಶಾಟ್ ತೆಗೆದು ಹಾಕಿದರೆ, ನಿಮ್ಮ ಕಾಮಾ ಹಾಗೇ ಹೋಗುತ್ತದೆ. ಮೇಲಿನ ವಾಕ್ಯಗಳಲ್ಲಿ 13,600,000, ಕೆಳಗಿನ ಪಟ್ಟಿಯಲ್ಲಿ 1,36,00,000. ಎಷ್ಟೋ ಜನ ಎಚ್ಚರದಿಂದ ಬರೆದ ಮೇಲ್ ಕೆಡುವುದು ಹೀಗೆ.

ವಿಂಡೋಸ್‌ನ `Region` ಸೆಟ್ಟಿಂಗ್‌ನಲ್ಲಿ `Digit grouping` ಬದಲಿಸಿಕೊಳ್ಳಬಹುದು. ಆದರೆ ಅದೇ ಕಂಪ್ಯೂಟರಿನಲ್ಲಿ ಜಿಎಸ್‌ಟಿ ಲೆಕ್ಕ, ಬ್ಯಾಂಕಿನ ಲೆಕ್ಕ ಎಲ್ಲ ಇರುವಾಗ ದಿನಕ್ಕೆರಡು ಸಲ ಬದಲಿಸುತ್ತ ಕೂರುವುದು ನನಗೆ ಸರಿ ಕಾಣಲಿಲ್ಲ. ಅದರ ಬದಲು ಪಕ್ಕದಲ್ಲಿ ಒಂದು ಕಾಲಂ ಮಾಡಿ, ಮೊತ್ತವನ್ನು ಹತ್ತು ಲಕ್ಷದಿಂದ ಭಾಗಿಸಿ:

```
=ROUND(B2/1000000,2)
```

ಈ ಕಾಲಂನಲ್ಲಿ ಕಾಮಾ ಬೇಕಾಗುವಷ್ಟು ದೊಡ್ಡ ಸಂಖ್ಯೆಯೇ ಇರುವುದಿಲ್ಲ, ಹಾಗಾಗಿ ಸೆಟ್ಟಿಂಗ್ ಏನಿದ್ದರೂ ನಡೆಯುತ್ತದೆ. ಎಲ್ಲ ಸಾಲಿಗೂ ಎರಡು ದಶಮಾಂಶ ಸ್ಥಾನ ತೋರುವಂತೆ ಮಾಡಿ ಅದನ್ನೇ ಮೇಲ್‌ಗೆ ಅಂಟಿಸಿ, ಅಳತೆಯನ್ನು ಒಂದು ಸಲ ತಲೆಬರಹದಲ್ಲಿ ಬರೆಯಿರಿ:

```
Budget (INR million)
Pulper and washer     8.65
Drying yard           3.10
Electrical work       1.39
Store and meters      0.46
Total                13.60
```

ಒಂದು ಮಾತು: ಪ್ರತಿ ಸಾಲನ್ನೂ ಎರಡು ಸ್ಥಾನಕ್ಕೆ ಇಳಿಸಿದಾಗ ಕೆಲವೊಮ್ಮೆ ಒಟ್ಟು ಮೊತ್ತದ ಕೊನೆಯ ಅಂಕಿ ಕೂಡಿಕೆಗೆ ತಾಳೆಯಾಗುವುದಿಲ್ಲ. ಆಗ ಒಟ್ಟನ್ನು ಮೂಲ ಮೊತ್ತದಿಂದಲೇ ತೆಗೆದು, ಸಾಲುಗಳನ್ನು ಇಳಿಸಿ ಬರೆಯಲಾಗಿದೆ ಎಂದು ಕೆಳಗೆ ಸೇರಿಸಿ. ಕೂಡಿಕೆ ಸರಿಹೋಗಲಿ ಎಂದು ಒಟ್ಟನ್ನು ತಿದ್ದಬೇಡಿ.

7. ಕಳಿಸುವ ಮೊದಲು ಒಂದು ಸಾಲನ್ನು ಬಿಡಿದರಕ್ಕೆ ಇಳಿಸಿ ನೋಡಿ

ಸೊನ್ನೆ ಎಣಿಸುತ್ತ ಹೋದರೆ ಕಣ್ಣು ಮೋಸ ಹೋಗುತ್ತದೆ. ನೆಲದ ಮೇಲಿನ ದರ ಮೋಸ ಹೋಗುವುದಿಲ್ಲ. ನಮ್ಮ ಕಣ 20,000 ಚದರಡಿ ಇದೆ ಎಂದುಕೊಳ್ಳಿ. ಮೇಲ್‌ನಲ್ಲಿರುವ 3.1 ಮಿಲಿಯನ್ ಅನ್ನು, ಎಂದರೆ 3,100,000 ಅನ್ನು, 20,000ದಿಂದ ಭಾಗಿಸಿದರೆ ಚದರಡಿಗೆ 155 ರೂಪಾಯಿ ಬರುತ್ತದೆ. ಮೇಸ್ತ್ರಿ ಹೇಳಿದ ದರವೂ ಅದೇ ಆಗಿದ್ದರೆ ಮೊತ್ತ ಸರಿ. ತಪ್ಪಿ 31 ಮಿಲಿಯನ್ ಎಂದು ಬರೆದಿದ್ದರೆ ಉತ್ತರ 1,550 ಬರುತ್ತಿತ್ತು. ಆ ದರಕ್ಕೆ ಕಣ ಹಾಕಿಸುವವರು ಯಾರೂ ಇಲ್ಲ ಎಂದು ನಿಮಗೆ ಲೆಕ್ಕ ಕಲಿಯದೆಯೂ ಗೊತ್ತು. ಪಟ್ಟಿಯಲ್ಲಿ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಸಾಲನ್ನು ಆರಿಸಿಕೊಳ್ಳಿ, ಮೇಲ್‌ನಲ್ಲಿ ಬರೆದ ಅಂಕಿಯಿಂದಲೇ ಭಾಗಿಸಿ, ರೈಟರ್ ಕೊಟ್ಟ ಚೀಟಿಯಿಂದಲ್ಲ.

ಹಣ ಮಾತ್ರವಲ್ಲ, ತೂಕಕ್ಕೂ ಇದೇ ಎಚ್ಚರ ಬೇಕು. ಭಾರತದ ಕಾಫಿ ಬೆಳೆ ಸುಮಾರು ಮೂರೂವರೆ ಲಕ್ಷ ಟನ್ ಎನ್ನುತ್ತೇವಲ್ಲ, ಅದನ್ನು 350,000 ಟನ್ ಎಂದು ಬರೆಯಿರಿ. ಆದರೆ ಅಂತರರಾಷ್ಟ್ರೀಯ ಕಾಫಿ ಲೆಕ್ಕ ನಡೆಯುವುದು 60 ಕೆಜಿ ಚೀಲದಲ್ಲಿ, ಆ ಅಳತೆಯಲ್ಲಿ ಅದು ಸುಮಾರು 5.8 ಮಿಲಿಯನ್ ಚೀಲ. ಇಲ್ಲಿ ನಾವು ದರ ಕೇಳುವ ಚೀಲ 50 ಕೆಜಿಯದ್ದು. ಲಕ್ಷವನ್ನು ಸರಿಯಾಗಿ ಬದಲಿಸಿ ಚೀಲದ ತೂಕ ಬರೆಯದೆ ಬಿಟ್ಟರೆ ಲೆಕ್ಕ ಮತ್ತೆ ತಪ್ಪುತ್ತದೆ.

8. ಫೋನಿನಲ್ಲಿ ಹೇಳುವಾಗ, ಮಂಜೂರಾತಿ ಬಂದಾಗ

‘ಒಂದು ಮೂವತ್ತಾರು’ ಎಂದು ನಮ್ಮಲ್ಲಿ ಹೇಳಿದರೆ ಮೇಸ್ತ್ರಿಯಿಂದ ಹಿಡಿದು ಬ್ಯಾಂಕಿನವರವರೆಗೆ ಎಲ್ಲರಿಗೂ ಒಂದು ಕೋಟಿ ಮೂವತ್ತಾರು ಲಕ್ಷ ಎಂದು ತಿಳಿಯುತ್ತದೆ. ಅದನ್ನೇ ಇಂಗ್ಲಿಷಿಗೆ ತಿರುಗಿಸಿ ‘ಒನ್ ಥರ್ಟಿ ಸಿಕ್ಸ್’ ಎಂದರೆ ಆ ಕಡೆಯವರು ಬರೆದುಕೊಳ್ಳುವುದು 136. ಫೋನಿನಲ್ಲಿ ‘ಥರ್ಟೀನ್ ಪಾಯಿಂಟ್ ಸಿಕ್ಸ್ ಮಿಲಿಯನ್ ಇಂಡಿಯನ್ ರುಪೀಸ್’ ಎಂದು ಪೂರ್ತಿ ಹೇಳಿ, ಫೋನ್ ಇಟ್ಟ ಕೂಡಲೇ ಅದೇ ಅಂಕಿಯನ್ನು ಮೇಲ್‌ನಲ್ಲಿ ಕಳಿಸಿ.

ಮಂಜೂರಾತಿ ಬಂದಾಗ ಮರಳಿ ಕೋಟಿಗೆ ತರುವ ಕೆಲಸವೂ ನಿಮ್ಮದೇ. ‘13.6 ಮಿಲಿಯನ್ ಒಪ್ಪಿಗೆ’ ಎಂದು ಬಂದರೆ 1.36 ಕೋಟಿ ಎಂದು ನೀವೇ ಬರೆದು ರೈಟರ್‌ಗೂ ಮೈಸೂರಿನ ಆಡಿಟರ್‌ಗೂ ಬೇರೆ ಮೇಲ್ ಕಳಿಸಿ. ಹ್ಯಾಂಬರ್ಗ್‌ನ ಮೇಲ್ ಅನ್ನೇ ಅವರಿಗೆ ಫಾರ್ವರ್ಡ್ ಮಾಡಿದರೆ, ಇಷ್ಟು ಹೊತ್ತು ಅಲ್ಲಿ ಆಗದಂತೆ ತಡೆದ ತಪ್ಪು ಇಲ್ಲಿ ಆಗಬಹುದು.

ಇಷ್ಟೆಲ್ಲ ಮಾಡಿಯೂ ತಪ್ಪು ಅಂಕಿ ಹೋಗಿದ್ದರೆ ಹಳೆಯ ಮೇಲ್‌ನ ಉತ್ತರದ ಸಾಲಿನಲ್ಲಿ ತಿದ್ದುಪಡಿ ತೂರಿಸಬೇಡಿ, ಅದನ್ನು ಯಾರೂ ಕೆಳಗಿನವರೆಗೆ ಓದುವುದಿಲ್ಲ. ಹೊಸ ಮೇಲ್ ಬರೆಯಿರಿ. ವಿಷಯದ ಸಾಲಿನಲ್ಲೇ ತಿದ್ದುಪಡಿ ಎಂದು ಕಾಣಲಿ, ತಪ್ಪಾದ ಅಂಕಿ ಮತ್ತು ಸರಿಯಾದ ಅಂಕಿ ಎರಡನ್ನೂ ಪೂರ್ತಿ ಬರೆಯಿರಿ, ಮೊದಲ ಮೇಲ್ ಯಾರ್ಯಾರಿಗೆ ಹೋಗಿತ್ತೋ ಅವರೆಲ್ಲರಿಗೂ ಕಳಿಸಿ:

```
Subject: CORRECTION - budget total
Sent on [date]: INR 15,000,000 (wrong)
Correct total:  INR 10,500,000 (10.5 million Indian rupees)
Please discard the earlier figure.
```

ಯಾರಾದರೂ ಹಳೆಯ ಅಂಕಿಯನ್ನು ಆಗಲೇ ತಮ್ಮ ಹಾಳೆಗೆ ಸೇರಿಸಿಕೊಂಡಿದ್ದರೆ, ಹುಡುಕಿ ತೆಗೆಯಲು ಅವರಿಗೆ ಆ ತಪ್ಪು ಅಂಕಿಯೇ ಬೇಕಾಗುತ್ತದೆ.